ರಿಪೇರಿ ಆ್ಯಪ್‌ನ ಮೌಲ್ಯವಾಕ್ಯ: ಗ್ರಾಹಕರ ಕಾಯುವಿಕೆಯಿಂದ ಆರಂಭಿಸಿ

“ನಮ್ಮ ಆ್ಯಪ್‌ನ ಮೊದಲ ಪುಟದಲ್ಲಿ ‘ಮನೆ ರಿಪೇರಿಗೆ ವಿಶ್ವಾಸಾರ್ಹ ಪರಿಹಾರ’ ಎಂದು ಬರೆದಿದ್ದೇವೆ. ಜನ ನೋಡುತ್ತಾರೆ, ಬುಕ್ ಮಾಡುವುದಿಲ್ಲ. ಹೇಗೆ ಬದಲಿಸಬೇಕು?”

ನಮಸ್ಕಾರ. ‘ವಿಶ್ವಾಸಾರ್ಹ’ ಎಂಬುದು ನಿಮ್ಮ ಬಗ್ಗೆ ನೀವೇ ಹೇಳಿಕೊಂಡ ಮಾತು. ಅದರಲ್ಲಿ ಗ್ರಾಹಕರ ತೊಂದರೆ ಕಾಣುವುದಿಲ್ಲ. ನಲ್ಲಿ ಸೋರುತ್ತಿರುವ ಮನೆಯವರನ್ನು ಹೆಚ್ಚು ಕಾಡುವುದು, ‘ಈಗಲೇ ಬರುತ್ತೇನೆ’ ಎಂದ ಪ್ಲಂಬರ್‌ಗಾಗಿ ರಜೆ ಹಾಕಿ ಸಂಜೆಯವರೆಗೆ ಕಾಯಬೇಕಾಗುವುದು. ಆದ್ದರಿಂದ ಹೀಗೆ ಬರೆಯಬಹುದು:

“ಪ್ಲಂಬರ್‌ಗಾಗಿ ದಿನವಿಡೀ ಕಾಯಬೇಕಿಲ್ಲ. ನೀವು ಆರಿಸಿದ 1 ಗಂಟೆಯ ಅವಧಿಯೊಳಗೆ ಬರುತ್ತಾರೆ. ತಡವಾದರೆ ಭೇಟಿ ಶುಲ್ಕವಿಲ್ಲ.”

ಆದರೆ ಆ ‘1 ಗಂಟೆ’ ನಿಮ್ಮ ದಾಖಲೆಯಿಂದಲೇ ಬರಬೇಕು. ಕಳೆದ 100 ಬುಕಿಂಗ್‌ಗಳಲ್ಲಿ ಹೇಳಿದ ಸಮಯಕ್ಕೂ ಬಂದ ಸಮಯಕ್ಕೂ ಇದ್ದ ಅಂತರವನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, 90ನೆಯದನ್ನು ನೋಡಿ; ನೂರರಲ್ಲಿ 90 ಬಾರಿ ಅಂತರ ಅದನ್ನು ಮೀರಿಲ್ಲ ಎಂದರ್ಥ. ಸರಾಸರಿಯನ್ನು ನಂಬಬೇಡಿ; ಅದು 25 ನಿಮಿಷವೆಂದು ತೋರಿಸುವಾಗಲೂ ಹತ್ತಾರು ಮನೆಯವರು ಎರಡು ಗಂಟೆ ಕಾದಿರಬಹುದು. 90ನೆಯ ಅಂತರ 80 ನಿಮಿಷವಾಗಿದ್ದರೆ, ಸದ್ಯಕ್ಕೆ 2 ಗಂಟೆಯ ಅವಧಿಯನ್ನೇ ಬರೆಯುವುದು ಪ್ರಾಮಾಣಿಕ. ಇನ್ನೊಂದು ಎಚ್ಚರಿಕೆ: ಕೆಲಸಗಾರರು ದಾರಿಯಲ್ಲಿರುವಾಗಲೇ ‘ತಲುಪಿದೆ’ ಎಂದು ಒತ್ತುವುದುಂಟು, ಹಾಗಾಗಿ ಗ್ರಾಹಕರು ಬಾಗಿಲಲ್ಲಿ ಹೇಳುವ ಒಟಿಪಿಯ ಸಮಯವನ್ನೇ ಲೆಕ್ಕಕ್ಕೆ ಹಿಡಿಯಿರಿ.

‘1 ಗಂಟೆಯಲ್ಲಿ ರಿಪೇರಿ’ ಎಂದು ಬರೆಯಲೇಬೇಡಿ. ಬಿಡಿಭಾಗ ಸಿಗದಿದ್ದರೆ ಕೆಲಸ ಮರುದಿನಕ್ಕೆ ಹೋಗುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ.