ಲಸಿಕೆ ಕಾರ್ಡ್ ಕಳೆದರೆ ಗಡಿಯ ಯಾವ ಕಡೆ ಹುಡುಕಬೇಕು?

ಬಾಲ್ಯದ ಲಸಿಕೆ ಕಾರ್ಡ್ ಕಳೆದಿದೆ, ದಾಖಲೆಯನ್ನು ಕೇರಳದಲ್ಲಿ ಹುಡುಕಬೇಕೋ ಕರ್ನಾಟಕದಲ್ಲೋ ಎಂದು ನೀವು ಕೇಳಿದ್ದು ಸರಿ, ಗಡಿಯ ಕಾಸರಗೋಡಿನವರ ಲಸಿಕೆ ದಾಖಲೆ ಒಂದೇ ಕಡೆ ಸಿಗುವುದು ಅಪರೂಪ. ಹೆರಿಗೆ ಮಂಗಳೂರಿನಲ್ಲಿ, ಬಾಣಂತನ ತವರಿನಲ್ಲಿ, ಆಮೇಲೆ ಗಂಡನ ಮನೆ. ಹಾಗಾಗಿ ಅಮ್ಮನಲ್ಲಿ ಮೊದಲು ಕೇಳಬೇಕಾದದ್ದು ಲಸಿಕೆಯ ಹೆಸರಲ್ಲ, ಮೊದಲ ಮೂರ್ನಾಲ್ಕು ತಿಂಗಳು ಯಾವ ಮನೆಯಲ್ಲಿದ್ದಿರಿ ಅಂತ.

2005ರಲ್ಲಿ ಹುಟ್ಟಿದ ಹುಡುಗಿಯೊಬ್ಬಳಿಗೆ ನರ್ಸಿಂಗ್ ಕಾಲೇಜು ದಾಖಲೆ ಕೇಳಿದೆ ಎನ್ನಿ. ಬಿಸಿಜಿ ಮತ್ತು ಮೊದಲ ಪೋಲಿಯೊ ಹನಿ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿರಬಹುದು. 6, 10, 14 ವಾರದ ಡಿಪಿಟಿ, ಪೋಲಿಯೊ ತವರಿನ ಉಪಕೇಂದ್ರದ ರಿಜಿಸ್ಟರಿನಲ್ಲಿ. 9 ತಿಂಗಳ ದಡಾರ ಲಸಿಕೆ ಅಪ್ಪನ ಊರಿನಲ್ಲಿ. ಅಷ್ಟು ಹಳೆಯ ಪುಸ್ತಕದಲ್ಲಿ ಅವಳ ಹೆಸರು ಹುಡುಕಿದರೆ ಸಿಗದಿರಬಹುದು, ಮೊದಮೊದಲ ಡೋಸಿನ ಹೊತ್ತಿಗೆ ಮಗುವಿಗೆ ಹೆಸರೇ ಇಟ್ಟಿರಲಿಕ್ಕಿಲ್ಲ. ತಾಯಿಯ ಹೆಸರು, ಮನೆ ಹೆಸರು, ಹುಟ್ಟಿದ ತಾರೀಖು ಬರೆದು ಕೊಡಿ. ಕೇರಳದ ಕಡೆಯ ಸಿಸ್ಟರಿಗೆ 'ದಡಾರ' ಅಂದರೆ ತಿಳಿಯದು, 'ಅಂಜಾಂಪನಿ' ಅನ್ನಬೇಕು.

2017ರ ದಡಾರ-ರುಬೆಲ್ಲಾ ಅಭಿಯಾನವನ್ನು ಮರೆಯಬೇಡಿ. 15 ವರ್ಷದೊಳಗಿನವರಿಗೆ ಹೆಚ್ಚಾಗಿ ಶಾಲೆಯಲ್ಲೇ ಚುಚ್ಚಿದ್ದು. ಕರ್ನಾಟಕದಲ್ಲಿ ಅದು ಫೆಬ್ರವರಿಯಲ್ಲಿ, ಕೇರಳದಲ್ಲಿ ಅಕ್ಟೋಬರಿನಲ್ಲಿ ಶುರುವಾಯಿತು. ಆ ವರ್ಷ ಯಾವ ಶಾಲೆಯಲ್ಲಿದ್ದಳು ಎನ್ನುವುದರ ಮೇಲೆ ಯಾರಲ್ಲಿ ಕೇಳಬೇಕು ಎಂಬುದು ನಿಂತಿದೆ. ಆ ಅಭಿಯಾನದ ಚುಚ್ಚುಮದ್ದಿನಲ್ಲಿ ಮಂಪ್ಸ್, ಅಂದರೆ ಮಂಗನಬಾವಿನ ಲಸಿಕೆ ಇರಲಿಲ್ಲ. ಕಾಲೇಜು ದಡಾರ, ಮಂಪ್ಸ್, ರುಬೆಲ್ಲಾ ಮೂರೂ ಇರುವ ಎಂಎಂಆರ್ ಕೇಳಿದರೆ ಅದು ಸಾಲದು.

ಇಪ್ಪತ್ತು ವರ್ಷದ ರಿಜಿಸ್ಟರನ್ನು ಗೆದ್ದಲು ತಿಂದಿದ್ದರೂ ಆಶ್ಚರ್ಯವಿಲ್ಲ. ಆಗ ವೈದ್ಯರ ಲೆಕ್ಕ ಸರಳ: ಬರಹದಲ್ಲಿ ಇಲ್ಲದ ಡೋಸು ಹಾಕಿಸಿಕೊಂಡಂತಲ್ಲ. 'ಎಲ್ಲ ಹಾಕಿಸಿದ್ದೇವೆ' ಎಂಬ ಅಮ್ಮನ ಮಾತು ಸಾಲದು. ತೋಳಿನ ಬಿಸಿಜಿ ಕಲೆ ಬಿಸಿಜಿಗೆ ಮಾತ್ರ ಸಾಕ್ಷಿ, ಕಲೆ ಇಲ್ಲವೆಂದ ಮಾತ್ರಕ್ಕೆ ಹಾಕಿಲ್ಲ ಅಂತಲೂ ಅಲ್ಲ. ಎಂಎಂಆರ್ ಮತ್ತೆ ಹಾಕಿಸಿಕೊಂಡರೆ ತೊಂದರೆಯಿಲ್ಲ: ನಾಲ್ಕು ವಾರದ ಅಂತರದಲ್ಲಿ ಎರಡು ಡೋಸು. ಆದರೆ ಗರ್ಭಿಣಿಗೆ ಅದು ಸಲ್ಲ. ಧನುರ್ವಾಯು ಹಾಗಲ್ಲ, ಗಾಯವಾದಾಗಲೆಲ್ಲ ಟಿಟಿ ಚುಚ್ಚಿಸಿಕೊಂಡವರಿಗೆ ಇನ್ನಷ್ಟು ಹಾಕಿದರೆ ತೋಳು ಊದಿಕೊಳ್ಳಬಹುದು. ಹಳೆಯ ಒಪಿ ಚೀಟಿ ಹುಡುಕುವುದು ಅದಕ್ಕೇ.

ಗೊಂದಲ ಜಾಸ್ತಿ ಹೆಪಟೈಟಿಸ್ ಬಿ ವಿಷಯದಲ್ಲಿ. 2005ರಲ್ಲಿ ಸರಕಾರಿ ಲಸಿಕೆ ಪಟ್ಟಿಯಲ್ಲಿ ಅದು ಎಲ್ಲ ಕಡೆ ಇರಲಿಲ್ಲ, ಹಾಕಿಸಿದ್ದರೆ ಖಾಸಗಿ ಮಕ್ಕಳ ಡಾಕ್ಟರ ಬಳಿ ಇರಬಹುದು. ಈ ರೋಗದ ವಿರುದ್ಧ ದೇಹದಲ್ಲಿ ರಕ್ಷಣೆ ಎಷ್ಟಿದೆ ಎಂದು ಅಳೆಯುವ ಆ್ಯಂಟಿ-ಎಚ್‌ಬಿಎಸ್ ರಕ್ತಪರೀಕ್ಷೆಯಲ್ಲಿ 10ಕ್ಕಿಂತ ಕಡಿಮೆ ಬಂದರೆ ಲಸಿಕೆ ಹಾಕಿಯೇ ಇಲ್ಲ ಎಂದುಕೊಳ್ಳಬೇಡಿ, ವರ್ಷ ಕಳೆದಂತೆ ಅದು ಇಳಿಯುವುದುಂಟು. ಒಂದು ಡೋಸು ಹಾಕಿಸಿ, ಒಂದೆರಡು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿದರೆ ಸಂಖ್ಯೆ ಜಿಗಿದಿರುತ್ತದೆ, ಮೊದಲೇ ಪೂರ್ತಿ ಹಾಕಿಸಿಕೊಂಡಿದ್ದರೆ. ಜಿಗಿಯದಿದ್ದರೆ ಉಳಿದೆರಡು ಡೋಸು ಮುಗಿಸಿ, ಈ ಸಲ ಕಾರ್ಡಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ.