ಖರ್ಚು 6 ರೂಪಾಯಿ ಏರಿದರೆ ಬೆಲೆ ಏಕೆ 4 ರೂಪಾಯಿ ಮಾತ್ರ ಏರುತ್ತದೆ?

ಓದುಗರ ಪತ್ರ: ತಟ್ಟೆ ಇಡ್ಲಿಯ ಮಾರುಕಟ್ಟೆ ಅಂತ ಒಂದು ಲೆಕ್ಕ ಕೊಟ್ಟಿದ್ದರು. ದಿನದ ಬೇಡಿಕೆ Qd = 500 − 10P, ಪೂರೈಕೆ Qs = −100 + 20P. ಸಮತೋಲನ ಬೆಲೆ 20 ರೂಪಾಯಿ ಬಂತು. ಆಮೇಲೆ ಬೇಳೆ, ಗ್ಯಾಸ್ ದುಬಾರಿಯಾಗಿ ಪ್ಲೇಟಿಗೆ 6 ರೂಪಾಯಿ ಖರ್ಚು ಜಾಸ್ತಿಯಾಯಿತು. ಹೊಸ ಬೆಲೆ 26 ಅಂತ ಬರೆದೆ. ತಪ್ಪು ಅಂದರು. ಯಾಕೆ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ತುಮಕೂರು

ಸಂಪಾದಕರ ಉತ್ತರ: ನಿಮ್ಮ ಮೊದಲ ಉತ್ತರ ಸರಿಯಾಗಿದೆ. 500 − 10P = −100 + 20P ಅಂದರೆ 30P = 600, P = 20. ಅದನ್ನು ಎರಡೂ ಸಮೀಕರಣಕ್ಕೆ ಹಾಕಿ ನೋಡಿ, ಎರಡರಲ್ಲೂ 300 ಪ್ಲೇಟ್ ಬರುತ್ತದೆ.

ಈಗ ಖರ್ಚು ಏರಿದೆ. ಗಿರಾಕಿಯ ಹಸಿವೂ ಜೇಬೂ ಬದಲಾಗಿಲ್ಲ, ಹಾಗಾಗಿ ಬೇಡಿಕೆಯ ಸಮೀಕರಣವನ್ನು ಮುಟ್ಟಬೇಡಿ. ಬದಲಾಗುವುದು ಪೂರೈಕೆ ಮಾತ್ರ. ಗಿರಾಕಿ P ಕೊಟ್ಟರೂ ಹೊಸ ಖರ್ಚು ಕಳೆದು ಹೋಟೆಲಿನವರ ಕೈಗೆ ಉಳಿಯುವುದು P − 6. ಅವರು ಅದನ್ನು ನೋಡಿಯೇ ಎಷ್ಟು ಪ್ಲೇಟ್ ಮಾಡಬೇಕು ಅಂತ ನಿರ್ಧರಿಸುತ್ತಾರೆ:

Qs = −100 + 20(P − 6) = −220 + 20P

ಬಹಳ ಮಂದಿ ಇಲ್ಲಿ P + 6 ಅಂತ ಬರೆದುಬಿಡುತ್ತಾರೆ. ಆಗ ಬೆಲೆ 16ಕ್ಕೆ ಇಳಿಯುತ್ತದೆ! ಖರ್ಚು ಏರಿದ್ದಕ್ಕೆ ಇಡ್ಲಿ ಅಗ್ಗವಾಯಿತು ಅಂತ ಉತ್ತರ ಬಂದರೆ ಚಿಹ್ನೆ ತಿರುಗಿದೆ ಅಂತಲೇ ತಿಳಿಯಿರಿ. ಇನ್ನೊಂದು ಪರೀಕ್ಷೆಯೂ ಇದೆ. ಮೊದಲು ಬೆಲೆ 5 ದಾಟಿದ ಮೇಲೆ ಪೂರೈಕೆ ಶುರುವಾಗುತ್ತಿತ್ತು, ಈಗ 11 ದಾಟಬೇಕು. ಸರಿಯಾಗಿ 6 ರೂಪಾಯಿ ಮೇಲೆ, ಅಲ್ವಾ?

ಇನ್ನು 500 − 10P = −220 + 20P. 30P = 720, ಹೊಸ ಬೆಲೆ 24 ರೂಪಾಯಿ, ಪ್ರಮಾಣ 260 ಪ್ಲೇಟ್.

26 ಯಾಕಲ್ಲ ಅಂದರೆ, ಆ ಬೆಲೆಗೆ ಹೋಟೆಲಿನವರಿಗೆ ಮೊದಲಿನಂತೆ 20 ಉಳಿಯುತ್ತದೆ. ಹಾಗಾಗಿ ಅವರು ಮೊದಲಿನಂತೆ 300 ಪ್ಲೇಟೇ ಮಾಡುತ್ತಾರೆ. ಆದರೆ 26ಕ್ಕೆ ಕೊಳ್ಳುವವರು 240 ಪ್ಲೇಟಿಗೆ ಮಾತ್ರ ಇದ್ದಾರೆ. 60 ಪ್ಲೇಟ್ ಇಡ್ಲಿ ಹಾಗೇ ಉಳಿಯುತ್ತದೆ. ಮಾಡಿದ ಇಡ್ಲಿಯನ್ನು ನಾಳೆಗೆ ಇಡೋಕಾಗಲ್ಲ, ಬೆಲೆ ಇಳಿಸಲೇಬೇಕು. ಹಳೆಯ 20ರಲ್ಲೇ ನಿಂತರೆ ಉಲ್ಟಾ ತೊಂದರೆ: ಕೇಳುವವರು 300, ಸಿಗುವುದು 180.

24ರಲ್ಲಿ ಗಿರಾಕಿ 4 ರೂಪಾಯಿ ಜಾಸ್ತಿ ಕೊಡುತ್ತಾನೆ. ಹೋಟೆಲಿನವರಿಗೆ 18 ಉಳಿಯುತ್ತದೆ, ಅಂದರೆ ಅವರು 2 ರೂಪಾಯಿ ಹೊರುತ್ತಾರೆ. ಈ ಪಾಲು P ಮುಂದಿರುವ ಸಂಖ್ಯೆಗಳಿಂದ ಬಂದದ್ದು. ಗಿರಾಕಿಯ ಪಾಲು 20/30, ಹೋಟೆಲಿನವರದು 10/30. ಬೆಲೆ ಏರಿದರೂ ಗಿರಾಕಿ ಒಂದು ಪ್ಲೇಟೂ ಕಡಿಮೆ ತಿನ್ನದಿದ್ದರೆ ಮಾತ್ರ ನಿಮ್ಮ 26 ಸರಿಯಾಗುತ್ತಿತ್ತು.

ಪ್ರಶ್ನೆಯಲ್ಲಿ ಅಂಗಡಿ ಬಾಡಿಗೆ ಏರಿತು ಅಂತಿದ್ದರೆ ಈ ದಾರಿ ಹಿಡಿಯಬೇಡಿ. ಬಾಡಿಗೆ ನೂರು ಪ್ಲೇಟಿಗೂ ಅಷ್ಟೇ, ಮುನ್ನೂರಕ್ಕೂ ಅಷ್ಟೇ. ಇನ್ನೊಂದು ಪ್ಲೇಟ್ ಮಾಡುವ ಖರ್ಚು ಅದರಿಂದ ಏರುವುದಿಲ್ಲ. ಯಾರೂ ಅಂಗಡಿ ಮುಚ್ಚದಿರುವವರೆಗೆ ಪೂರೈಕೆಯ ರೇಖೆ ಇದ್ದಲ್ಲೇ ಇರುತ್ತದೆ, ಬೆಲೆಯೂ 20ರಲ್ಲೇ ಇರುತ್ತದೆ.