ಹನ್ನೊಂದೋ, ಹದಿನೇಳೋ

ಟ್ಯಾಬ್ ಇದ್ದರೂ ಆ ದಪ್ಪ ರಿಜಿಸ್ಟರ್ ಯಾಕೆ ಹೊತ್ತುಕೊಂಡು ತಿರುಗುತ್ತೀರಿ ಅಂತ ಕೇಳಿದ್ದಿರಿ. ನಮ್ಮದು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದ ಹತ್ತಿರ. ಚಾರ್ಮಾಡಿ ಘಾಟಿ ಇಳಿದರೆ ದಕ್ಷಿಣ ಕನ್ನಡ. ಮಳೆಗಾಲದಲ್ಲಿ ಕರೆಂಟ್ ಹೋದರೆ ಮೂರು ದಿನ ಬರುವುದಿಲ್ಲ. ಅದರ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ.

ಕಳೆದ ಆಗಸ್ಟ್‌ನಲ್ಲಿ ನಮ್ಮ ಆರೋಗ್ಯ ಉಪಕೇಂದ್ರದ ಹೆಂಚು ಸರಿದು, ಬಸುರಿಯರ ರಿಜಿಸ್ಟರ್ ಇಟ್ಟಿದ್ದ ಮೇಜಿನ ಮೇಲೇ ನೀರು ಸೋರಿತು. ನೆಂದ ಹಾಳೆಯನ್ನು ಅವಸರದಲ್ಲಿ ಬಿಡಿಸಿದರೆ ಹರಿಯುತ್ತದೆ. ಹಾಗಾಗಿ ಪುಸ್ತಕ ಮುಚ್ಚಿಯೇ ಮನೆಗೆ ತಂದೆ. ಹಳೇ ಪಂಚೆ ಹರಿದು, ಹತ್ತು ಹಾಳೆಗೊಂದರಂತೆ ತುಂಡು ಸೇರಿಸಿದೆ. ಪೇಪರ್ ಇಡಲಿಲ್ಲ, ಅದರ ಶಾಯಿ ಮೆತ್ತಿಕೊಳ್ಳುತ್ತದೆ. ಒದ್ದೆಯಾದ ತುಂಡು ತೆಗೆದು ಒಣಗಿದ್ದು ಹಾಕುತ್ತಾ, ಬಚ್ಚಲೊಲೆಯಿಂದ ಸ್ವಲ್ಪ ದೂರದಲ್ಲಿ ಇಟ್ಟೆ. ತೀರಾ ಹತ್ತಿರ ಇಟ್ಟರೆ ಹಾಳೆ ಸುರುಟಿ ಹಪ್ಪಳವಾಗುತ್ತದೆ. ಹಾಗಂತ ಸುಮ್ನೆ ಬಿಡುವಂತೆಯೂ ಇಲ್ಲ, ಎರಡು ದಿನ ಕಳೆದರೆ ಬೂಷ್ಟು ಹಿಡಿಯಲು ಶುರು.

ಬಾಲ್ ಪೆನ್ನಿನಲ್ಲಿ ಬರೆದದ್ದೆಲ್ಲ ಉಳಿದಿತ್ತು. ಜೆಲ್ ಪೆನ್ನಿನದು ನೀಲಿ ಕಲೆ. ನನ್ನದೇ ತಪ್ಪು, ಅಕ್ಷರ ಚೆಂದ ಬರುತ್ತದೆ ಅಂತ ಜೆಲ್ ಪೆನ್ನು ಹಿಡಿದಿದ್ದೆ.

ಒಂದು ಸಾಲು ಮಾತ್ರ ಕಾಡಿತು. ಕೊನೆಯ ಮುಟ್ಟಿನ ತಾರೀಖು ಪೂರ್ತಿ ಅಳಿಸಿತ್ತು. ಹೆರಿಗೆಯ ತಾರೀಖು ಅಕ್ಟೋಬರ್ 11 ಇರಬಹುದು, 17 ಇರಬಹುದು. ಆ ಹುಡುಗಿ ಸೀಮಂತ ಮುಗಿಸಿ ಘಾಟಿ ಕೆಳಗೆ, ಬೆಳ್ತಂಗಡಿ ಕಡೆಯ ತವರಿಗೆ ಹೋಗಿದ್ದಳು. ಹೆರಿಗೆಗೆ ಗಂಡ ಇಲ್ಲಿಂದಲೇ ಇಳಿಯಬೇಕು. ದಾರಿಯಲ್ಲಿ ಗುಡ್ಡ ಜರಿದರೆ ಸುತ್ತಿ ಹೋಗಬೇಕು. ಅವನಿಗೆ ಆರು ದಿನ ಅಂದರೆ ಆರು ದಿನವೇ.

ರಾತ್ರಿ ಟಾರ್ಚನ್ನು ಹಾಳೆಯ ಅಂಚಿಗೆ ಮಲಗಿಸಿ ಬೆಳಕು ಬಿಟ್ಟೆ. ಪೆನ್ನು ಒತ್ತಿದ ಗುರುತು ಓರೆ ಬೆಳಕಿನಲ್ಲಿ ನೆರಳಾಗಿ ಕಾಣುತ್ತದೆ. ಎರಡನೇ ಅಂಕಿಯ ತಲೆಯ ಮೇಲೆ ಅಡ್ಡ ಗೀರು ಇದ್ದ ಹಾಗಿತ್ತು. ಹಾಳೆಯ ಮಡಿಕೆಯೂ ಇರಬಹುದು ಅಲ್ವಾ?

ನೆಟ್‌ವರ್ಕ್ ಬಂದ ಕೂಡಲೇ ಫೋನ್ ಮಾಡಿದೆ.

"ತಾಯಿ ಕಾರ್ಡ್ ಅಲ್ಲೇ ಗಂಡನ ಮನೆ ಬೀರುವಿನಲ್ಲಿದೆ ಸಿಸ್ಟರ್. ಕೀ ನನ್ನ ಹತ್ತಿರ."

"ಹೋಗಲಿ ಬಿಡಮ್ಮ. ಕೊನೇ ಸಲ ಮುಟ್ಟಾಗಿದ್ದು ಯಾವಾಗ, ನೆನಪಿದೆಯಾ?"

"ತಾರೀಖು ಗೊತ್ತಿಲ್ಲ. ನಾಲ್ಕು ದಿನ ಹೊರಗಿದ್ದೆ. ಸಂಕ್ರಾಂತಿ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಬಂದೇ ಎಳ್ಳುಬೆಲ್ಲ ಬೆರೆಸಿದ್ದು."

ಸಂಕ್ರಾಂತಿ 14. ನಾಲ್ಕು ದಿನ ಹಿಂದೆ ಹೋದರೆ ಜನವರಿ 10. ಒಂಬತ್ತು ತಿಂಗಳು ಕೂಡಿಸಿ, ಮೇಲೆ ಏಳು ದಿನ: ಅಕ್ಟೋಬರ್ 17. ಹನ್ನೊಂದೇ ಆಗಿದ್ದರೆ ಅವಳು ಜನವರಿ 4ಕ್ಕೆ ಮುಟ್ಟಾಗಿ, ಹಬ್ಬಕ್ಕೆ ಆರು ದಿನ ಮೊದಲೇ ಒಳಗೆ ಬಂದಿರುತ್ತಿದ್ದಳು.

ಹೊಸ ರಿಜಿಸ್ಟರಿಗೆ 17 ಅಂತ ಬಾಲ್ ಪೆನ್ನಿನಲ್ಲಿ ಇಳಿಸಿದೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಕಾರ್ಡ್ ನೋಡಬೇಕು" ಅಂತ ಬರೆದು, ಬೀಗದ ಕೀ ಕಳಿಸಲು ಅವಳ ಅಣ್ಣನಿಗೆ ಹೇಳಿದೆ. ಹಳೇ ಹಾಳೆಯನ್ನು ಎಸೆಯಲಿಲ್ಲ, ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಹೊಸದರ ಹಿಂದೆ ಸೇರಿಸಿಟ್ಟಿದ್ದೇನೆ.